ಟ್ರೇನಿಂಗ್ ಪುಸ್ತಕದ ಚಿತ್ರಕ್ಕೆ ಮೆಕ್ಯಾನಿಕ್ ಡ್ರೆಸ್ ಹೇಗೆ ಬರೆದು ಕೊಡಬೇಕು?

ಧಾರವಾಡದ ಪ್ರೂಫ್ ರೀಡರ್

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಕನ್ನಡದ ತರಬೇತಿ ಪುಸ್ತಕಗಳನ್ನು ತಿದ್ದಿ ಅಚ್ಚಿಗೆ ಸಿದ್ಧ ಮಾಡುವ ಕೆಲಸ ಮಾಡುತ್ತೇನೆ. ಈಗ ಕೈಯಲ್ಲಿರುವುದು ಮೋಟಾರ್ ಮೆಕ್ಯಾನಿಕ್ ಕೆಲಸ ಕಲಿಯುವವರ ಪುಸ್ತಕ. ಚಿತ್ರ ಬಿಡಿಸುವವರು ಬೇರೆ ಊರಿನವರು, ಗ್ಯಾರೇಜ್ ಒಳಗೆ ನಿಂತು ನೋಡಿದವರಲ್ಲ. ನಾನು ಏನು ಬರೆದು ಕಳಿಸುತ್ತೇನೋ ಅದನ್ನೇ ನೋಡಿ ಬಿಡಿಸುತ್ತಾರೆ.

ನಾಲ್ಕನೇ ಚಿತ್ರಕ್ಕೆ ನಾನು ಬರೆದದ್ದು ಇಷ್ಟೇ: "ಡಾಂಗ್ರಿ ಹಾಕಿಕೊಂಡ ಮೆಕ್ಯಾನಿಕ್ ಕಾರಿನ ಬ್ಯಾಟರಿ ಬಿಚ್ಚುತ್ತಿದ್ದಾನೆ. ಯೂನಿಫಾರ್ಮ್ ಸರಿಯಾಗಿರಲಿ."

ಚಿತ್ರ ಬಂತು. ನೋಡಲು ಚೆಂದ ಇತ್ತು. ಹೆಗಲ ಮೇಲೆ ಎರಡು ಪಟ್ಟಿ ಇರುವ ನೀಲಿ ಉಡುಪು, ಒಳಗೆ ಕೆಂಪು ಟೀಶರ್ಟ್, ಕೈಯಲ್ಲಿ ವಾಚು, ಎದೆ ಜೇಬಿನಲ್ಲಿ ಸ್ಕ್ರೂಡ್ರೈವರ್, ಹಿಂದಿನ ಜೇಬಿನಿಂದ ಜೋತುಬಿದ್ದ ಒರೆಸುವ ಬಟ್ಟೆ. ನಮ್ಮ ಪುಸ್ತಕ ಪರಿಶೀಲಿಸುವ ಇನ್‌ಸ್ಟ್ರಕ್ಟರ್ ಅದರ ಮೇಲೆ ಏಳು ಕಡೆ ಕೆಂಪು ಸುತ್ತು ಹಾಕಿ, "ಈ ಹುಡುಗನನ್ನು ನಾನು ವರ್ಕ್‌ಶಾಪ್ ಒಳಗೆ ಬಿಡುವುದಿಲ್ಲ" ಅಂತ ಬರೆದು ವಾಪಸ್ ಕಳಿಸಿದ್ದಾರೆ. ಯಾಕೆ ಅಂತ ವಿವರಿಸಿಲ್ಲ. ಅವರು ಈಗ ಪರೀಕ್ಷೆ ಕೆಲಸದಲ್ಲಿದ್ದಾರೆ, ಫೋನಿಗೆ ಸಿಗುತ್ತಿಲ್ಲ.

ಚಿತ್ರಕಾರರಿಗೆ ನಾನು ಏನು ಬರೆಯಬೇಕಿತ್ತು? ಗೊತ್ತಿರುವವರು ದಯವಿಟ್ಟು ಹೇಳಿ. ಇನ್ನೂ ಹದಿನೆಂಟು ಚಿತ್ರ ಬಾಕಿ ಇವೆ.

ಹಾವೇರಿ ಟೂ ವೀಲರ್

ಅಣ್ಣಾ, ಗ್ಯಾರೇಜಿಗೆ ಹೋಗಿ ಒಂದು ಫೋಟೋ ಹೊಡೆದು ಕಳಿಸಿಬಿಡಿ. ಇಷ್ಟು ಬರೆಯೋದು ಯಾಕೆ?

ಧಾರವಾಡದ ಪ್ರೂಫ್ ರೀಡರ್

ಅದನ್ನೂ ಮಾಡಿದೆ. ಮೂರು ಗ್ಯಾರೇಜ್ ನೋಡಿದೆ. ಮೂರರಲ್ಲೂ ಹುಡುಗರು ಹಳೆ ಪ್ಯಾಂಟು, ಟೀಶರ್ಟು, ಹವಾಯಿ ಚಪ್ಪಲಿಯಲ್ಲಿದ್ದರು. ಆ ಫೋಟೋ ಕಳಿಸಿದರೆ ಚಿತ್ರದಲ್ಲೂ ಚಪ್ಪಲಿಯೇ ಬರುತ್ತದೆ.

ಗೋಕುಲ ರೋಡ್ ಹಳೆ ಫೋರ್‌ಮನ್

ಇಪ್ಪತ್ತಾರು ವರ್ಷ ವರ್ಕ್‌ಶಾಪ್‌ನಲ್ಲಿ ಕಳೆದಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ಅಪ್ರೆಂಟಿಸ್ ಹುಡುಗರಿಗೆ ಕಲಿಸಿದ್ದೇನೆ. ನಿಮ್ಮ ಇನ್‌ಸ್ಟ್ರಕ್ಟರ್ ಹಾಕಿದ ಸುತ್ತು ಎಲ್ಲೆಲ್ಲಿ ಅಂತ ನೋಡದೆಯೂ ಹೇಳಬಲ್ಲೆ.

ಮೊದಲ ತಪ್ಪು ಆಗಿದ್ದು 'ಡಾಂಗ್ರಿ' ಅನ್ನುವ ಮಾತಿನಲ್ಲಿ. ನಮ್ಮ ಕಡೆ ವರ್ಕ್‌ಶಾಪ್‌ನಲ್ಲಿ ಡಾಂಗ್ರಿ ಅಂದರೆ ಕಾಲರಿನಿಂದ ಕಾಲಿನ ತನಕ ಒಂದೇ ತುಂಡಾಗಿ ಹೊಲಿದ, ತೋಳಿರುವ ಉಡುಪು. ಬಾಯ್ಲರ್ ಸೂಟ್ ಅಂತಲೂ ಅನ್ನುತ್ತೇವೆ. ಆದರೆ ಗ್ಯಾರೇಜ್ ನೋಡದವರು ಆ ಹೆಸರು ಹಿಡಿದು ಹುಡುಕಿದರೆ ಹೆಗಲ ಪಟ್ಟಿಯ, ತೋಳಿಲ್ಲದ, ಎದೆ ಮುಚ್ಚುವ ಪ್ಯಾಂಟೇ ಸಿಗುತ್ತದೆ. ಮಕ್ಕಳಿಗೆ ಹಾಕುತ್ತಾರಲ್ಲ, ಅದು. ನಿಮ್ಮ ಚಿತ್ರಕಾರರದು ತಪ್ಪಲ್ಲ. ನೀವು ಹೆಸರು ಕೊಟ್ಟಿರಿ, ಆಕಾರ ಕೊಡಲಿಲ್ಲ.

ಹಾಗಾಗಿ ಹೆಸರು ಬೇಕಿದ್ದರೆ ಇರಲಿ, ಜೊತೆಗೆ ಬಟ್ಟೆಯ ಅಂಚು ಎಲ್ಲಿ ಮುಗಿಯುತ್ತದೆ ಅಂತ ಬರೆಯಿರಿ. ಕಾಲರ್ ಕುತ್ತಿಗೆಗೆ ಹತ್ತಿರ. ತೋಳು ಮಣಿಕಟ್ಟಿನ ತನಕ, ಅಲ್ಲಿ ಗುಂಡಿ ಹಾಕಿದೆ. ಪ್ಯಾಂಟಿನ ಕಾಲು ಶೂವಿನ ಮೇಲೆ ಬಿದ್ದಿದೆ, ಶೂ ಒಳಗೆ ತುರುಕಿಲ್ಲ, ಮೇಲಕ್ಕೆ ಮಡಚಿಲ್ಲ. ಶೂ ಒಳಗೆ ತುರುಕಿದರೆ ಗ್ರೈಂಡಿಂಗ್ ಕಿಡಿ, ಬಿಸಿ ಲೋಹದ ಚೂರು ನೇರ ಕಾಲಿಗೆ ಇಳಿಯುತ್ತದೆ. ಮಡಚಿದರೆ ಆ ಮಡಿಕೆಯಲ್ಲೇ ಕೂರುತ್ತದೆ. ಈ ಒಂದು ಸಾಲು ಬರೆಯದೆ ಹೋದರೆ ಚಿತ್ರಕಾರರು ಪ್ರತಿ ಸಲ ಪ್ಯಾಂಟನ್ನು ಬೂಟಿನೊಳಗೇ ಹಾಕುತ್ತಾರೆ, ಯಾಕಂದರೆ ಹಾಗೆ ಬಿಡಿಸಿದರೆ ಚುರುಕಾಗಿ ಕಾಣುತ್ತದೆ.

ಉಳಿದದ್ದು ಸಂಜೆ ಬರೆಯುತ್ತೇನೆ.

ಗದಗ ಸಿಸ್ಟರ್

ನಾನು ಮೆಕ್ಯಾನಿಕ್ ಅಲ್ಲ, ನರ್ಸ್. ಆದರೂ ಇದನ್ನು ಓದಿ ಸುಮ್ನೆ ಇರಲಾಗಲಿಲ್ಲ. ನಮಗೆ ಕೈ ತೊಳೆಯುವ ಕ್ರಮ ಕಲಿಸುವ ಒಂದು ಚಾರ್ಟ್ ಕೊಟ್ಟಿದ್ದರು. ಅದರಲ್ಲಿದ್ದ ಸಿಸ್ಟರ್ ಉದ್ದ ತೋಳಿನ ಬಿಳಿ ಕೋಟು ಹಾಕಿ, ವಾಚು ಕಟ್ಟಿಕೊಂಡು, ಬೆರಳಿನಲ್ಲಿ ಉಂಗುರ ಇಟ್ಟುಕೊಂಡೇ ಕೈ ತೊಳೆಯುತ್ತಿದ್ದಳು. ಮೊಣಕೈಯಿಂದ ಕೆಳಗೆ ಏನೂ ಇರಬಾರದು ಅನ್ನುವುದೇ ಆ ಪಾಠ! ವಾಚು ಬೇಕಾದರೆ ಎದೆಗೆ ಪಿನ್ ಮಾಡಿಕೊಳ್ಳುವಂಥದ್ದು ಬರುತ್ತದೆ, ಅದರ ಮುಖ ತಲೆಕೆಳಗಾಗಿರುತ್ತದೆ, ಬಗ್ಗಿ ನೋಡಿದರೆ ನಮಗೆ ಸರಿಯಾಗಿ ಕಾಣಲಿ ಅಂತ. ಅದನ್ನು ಚಿತ್ರದಲ್ಲಿ ನೇರ ಬಿಡಿಸಿದ್ದೂ ನೋಡಿದ್ದೇನೆ.

ಮಾತಿನ ಗೊಂದಲ ನಮ್ಮಲ್ಲೂ ಇದೆ. 'ಏಪ್ರನ್' ಅಂದರೆ ಮೆಡಿಕಲ್ ಹುಡುಗರಿಗೆ ಬಿಳಿ ಕೋಟು. ನಮಗೆ ವಾರ್ಡಿನಲ್ಲಿ ಅದು ಪ್ಲಾಸ್ಟಿಕ್ಕಿನದು, ಕುತ್ತಿಗೆಗೆ ಹಾಕಿ ಹಿಂದೆ ಕಟ್ಟುವಂಥದ್ದು. ಅಡುಗೆಯವರಿಗೆ ಸೊಂಟಕ್ಕೆ ಕಟ್ಟುವ ಬಟ್ಟೆ. ಬರೀ ಏಪ್ರನ್ ಅಂತ ಬರೆದರೆ ಮೂರರಲ್ಲಿ ಯಾವುದು ಬರುತ್ತದೋ ಹೇಳಲಾಗದು.

ಹಾವೇರಿ ಟೂ ವೀಲರ್

ಅಕ್ಕಾ, ಇಲ್ಲಿ ಮಾತು ಮೆಕ್ಯಾನಿಕ್ ಬಗ್ಗೆ ನಡೀತಿದೆ.

ಗದಗ ಸಿಸ್ಟರ್

ಗೊತ್ತು ತಮ್ಮಾ. ತಪ್ಪು ಒಂದೇ ಥರದ್ದು ಅಂತ ಹೇಳಿದೆ.

ಸೇಫ್ಟಿ ಫಸ್ಟ್ ತಾರಿಹಾಳ

ನಾನು ತಾರಿಹಾಳದ ಒಂದು ಯೂನಿಟ್‌ನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನಿಮ್ಮ ಸಮಸ್ಯೆಗೆ ಸುಲಭ ದಾರಿ ಇದೆ. ಎಲ್ಲ ಚಿತ್ರಕ್ಕೂ ಒಂದೇ ಸಾಲು ಹಾಕಿ: ಹೆಲ್ಮೆಟ್, ಕನ್ನಡಕ, ಗ್ಲೌಸ್, ಸೇಫ್ಟಿ ಶೂ, ಬಾಯ್ಲರ್ ಸೂಟ್. ಹತ್ತೊಂಬತ್ತು ಚಿತ್ರದಲ್ಲೂ ಇದೇ ಇರಲಿ. ಯಾರೂ ತಪ್ಪು ಹಿಡಿಯಲ್ಲ.

ಗೋಕುಲ ರೋಡ್ ಹಳೆ ಫೋರ್‌ಮನ್

ಹಿಡಿಯುತ್ತಾರೆ ಸರ್. ನಾನೇ ಹಿಡಿಯುತ್ತೇನೆ. ಶೂ, ಸೂಟ್ ಎಲ್ಲ ಕೆಲಸಕ್ಕೂ ಸರಿ. ಗ್ಲೌಸ್ ಹಾಗಲ್ಲ. ಪಿಲ್ಲರ್ ಡ್ರಿಲ್ ಮುಂದೆ ಗ್ಲೌಸ್ ಹಾಕಿದ ಹುಡುಗನ ಚಿತ್ರ ಹಾಕಿದರೆ ಪುಸ್ತಕ ಓದಿದವನ ಬೆರಳು ಹೋಗುತ್ತದೆ. ತಿರುಗುವ ಬಿಟ್ಟಿಗೆ ಗ್ಲೌಸಿನ ಒಂದು ನೂಲು ಸಿಕ್ಕರೆ ಸಾಕು, ಕೈಯನ್ನೇ ಎಳೆದುಕೊಳ್ಳುತ್ತದೆ. ಬರಿಗೈ ಆಗಿದ್ದರೆ ಚರ್ಮ ಕಿತ್ತು ಕೈ ಹೊರಗೆ ಬರಬಹುದು. ಗ್ಲೌಸ್ ಹರಿಯುವುದಿಲ್ಲ, ಸುತ್ತಿಕೊಳ್ಳುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಹೆಬ್ಬೆರಳು ಹೀಗೇ ಹೋಯಿತು, ಯಂತ್ರ ನಿಲ್ಲಿಸುವ ಗುಂಡಿ ನಾನೇ ಒತ್ತಿದ್ದೆ. ಆಮೇಲೆ ಅವರ ಗ್ಲೌಸ್ ಬಿಟ್ಟಿಗೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತ್ತು, ಬಿಡಿಸಲು ಬ್ಲೇಡಿನಿಂದ ಕೊಯ್ಯಬೇಕಾಯಿತು.

1948ರ ಕಾರ್ಖಾನೆ ಕಾಯ್ದೆ ಬರೆದವರೂ ಇದನ್ನು ನೋಡಿದ್ದರು. ಅದರ 22ನೇ ಕಲಮಿನಲ್ಲಿ, ಓಡುತ್ತಿರುವ ಯಂತ್ರಕ್ಕೆ ಎಣ್ಣೆ ಬಿಡುವವನು, ಪರೀಕ್ಷೆ ಮಾಡುವವನು ಮೈಗೆ ಅಂಟಿದ ಬಿಗಿ ಉಡುಪು ಹಾಕಿರಬೇಕು, ಅದನ್ನು ಮಾಲೀಕರೇ ಕೊಡಬೇಕು ಅಂತ ಇತ್ತು. ಬಿಗಿ ಅನ್ನುವುದೇ ಅಲ್ಲಿ ಮುಖ್ಯ. ಚಿತ್ರಕಾರರಿಗೂ ಅದನ್ನೇ ಹೇಳಬೇಕು: ಜೋತಾಡುವುದು ಒಂದೂ ಇರಬಾರದು.

ಸೇಫ್ಟಿ ಫಸ್ಟ್ ತಾರಿಹಾಳ

ಡ್ರಿಲ್‌ಗೆ ಒಪ್ಪಿದೆ. ಆದರೆ ಕೈಯಲ್ಲಿ ಹಿಡಿಯುವ ಗ್ರೈಂಡರ್‌ಗೆ ನಾವು ಚರ್ಮದ ಗ್ಲೌಸ್ ಕೊಡುತ್ತೇವೆ, ಅದೂ ತಿರುಗುವ ಯಂತ್ರವೇ ಅಲ್ವಾ?

ಗೋಕುಲ ರೋಡ್ ಹಳೆ ಫೋರ್‌ಮನ್

ಅಲ್ಲಿ ಎರಡೂ ಕೈ ಹಿಡಿಕೆ ಮೇಲಿರುತ್ತವೆ, ಕಿಡಿ ಕೈ ಮೇಲೆ ಬೀಳುತ್ತದೆ, ಹಾಗಾಗಿ ಕೈಗೆ ಕಚ್ಚಿ ಕೂರುವ ಚರ್ಮದ ಗ್ಲೌಸ್ ನಾನೂ ಒಪ್ಪುತ್ತೇನೆ. ನೆಲಕ್ಕೆ ಕೂರಿಸಿದ ಗ್ರೈಂಡರ್‌ನಲ್ಲಿ ಕೆಲಸದ ತುಂಡನ್ನೇ ಕೈಯಲ್ಲಿ ಹಿಡಿದು ಕಲ್ಲಿನ ಹತ್ತಿರ ಒಯ್ಯುತ್ತೇವೆ. ಅಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಬೇಕು ಅನ್ನುವ ಹಿರಿಯರೂ ಇದ್ದಾರೆ.

ಬೇಲೂರು ಏರಿಯಾ ಟರ್ನರ್

ಬೇಕೇ ಬೇಕು. ಬಿಸಿಯಾದ ತುಂಡು ಬರಿಗೈಯಲ್ಲಿ ಹಿಡಿಯೋದು ಹೇಗೆ? ಕೈಬಿಟ್ಟರೆ ಕಲ್ಲು ಮತ್ತು ರೆಸ್ಟ್ ನಡುವೆ ಸಿಕ್ಕಿ ಕಲ್ಲೇ ಒಡೆಯುತ್ತೆ.

ಗೋಕುಲ ರೋಡ್ ಹಳೆ ಫೋರ್‌ಮನ್

ನೀರಿನ ಡಬ್ಬಿ ಪಕ್ಕದಲ್ಲಿ ಯಾಕೆ ಇಡುತ್ತಾರೆ? ಮೇಲಿಂದ ಮೇಲೆ ಅದ್ದಿ ತಣ್ಣಗೆ ಮಾಡಬೇಕು. ಸಣ್ಣ ತುಂಡಾದರೆ ಇಕ್ಕಳದಲ್ಲಿ ಹಿಡಿಯಬೇಕು.

ಬೇಲೂರು ಏರಿಯಾ ಟರ್ನರ್

ದಿನಕ್ಕೆ ನೂರು ಪೀಸ್ ಉಜ್ಜುವವನಿಗೆ ಇಕ್ಕಳ ಹಿಡಿ ಅಂತ ಹೇಳಿ ನೋಡಿ ಸರ್. ನಾನು ಒಪ್ಪಲ್ಲ.

ಧಾರವಾಡದ ಪ್ರೂಫ್ ರೀಡರ್

ಈ ಗ್ರೈಂಡರ್ ಚಿತ್ರವನ್ನು ಇನ್‌ಸ್ಟ್ರಕ್ಟರ್ ಅವರನ್ನೇ ಕೇಳಿ ಬರೆಯುತ್ತೇನೆ. ಈಗ ಬ್ಯಾಟರಿ ಚಿತ್ರಕ್ಕೆ ಬರೋಣ. ವಾಚಿಗೆ ಯಾಕೆ ಸುತ್ತು? ಬ್ಯಾಟರಿಯಲ್ಲಿ ತಿರುಗುವುದು ಏನೂ ಇಲ್ಲವಲ್ಲ. ಹನ್ನೆರಡು ವೋಲ್ಟಿಗೆ ಶಾಕ್ ಕೂಡ ಹೊಡೆಯಲ್ಲ ಅಂತ ಕೇಳಿದ್ದೇನೆ.

ನವನಗರ ಆಟೋ ಎಲೆಕ್ಟ್ರಿಷಿಯನ್

ಇದು ನನ್ನ ಕೆಲಸ, ನಾನು ಹೇಳುತ್ತೇನೆ. ಶಾಕ್ ಹೊಡೆಯಲ್ಲ, ನಿಜ. ಸುಡುತ್ತದೆ. ಪಾಸಿಟಿವ್ ಟರ್ಮಿನಲ್‌ಗೆ ಪಾನಾ ಹಾಕಿದ್ದೀರಿ ಅನ್ನಿ, ನಿಮ್ಮ ಸ್ಟೀಲ್ ವಾಚಿನ ಬೆಲ್ಟು ಒಂದು ಕಡೆ ಆ ಪಾನಾಕ್ಕೆ, ಇನ್ನೊಂದು ಕಡೆ ಗಾಡಿಯ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಒಂದೇ ಸಲ ಬಿಡಬಲ್ಲದು, ಸ್ಟಾರ್ಟರ್ ಮೋಟಾರ್ ತಿರುಗಿಸಲು ಅಷ್ಟು ಬೇಕು. ಅಷ್ಟು ಕರೆಂಟು ಒಂದು ಉಂಗುರದಲ್ಲಿ ಹರಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉಂಗುರ ಕಾಯ್ದು ಕೆಂಪಾಗುತ್ತದೆ, ಬೆರಳಿನಿಂದ ತೆಗೆಯಲು ಆಗಲ್ಲ. ನನ್ನ ಎಡಗೈ ಉಂಗುರದ ಬೆರಳಿನ ಸುತ್ತ ಇವತ್ತಿಗೂ ಬಿಳಿ ಗೆರೆ ಇದೆ. ಮದುವೆಯಾಗಿ ಎರಡು ತಿಂಗಳಾಗಿತ್ತು, ತೆಗೆಯಲು ಮನಸ್ಸಿರಲಿಲ್ಲ.

ಇದೇ ಕಾರಣಕ್ಕೆ ಬಿಚ್ಚುವಾಗ ಮೊದಲು ನೆಗೆಟಿವ್ ಬಿಚ್ಚುತ್ತೇವೆ, ಹಾಕುವಾಗ ಅದನ್ನೇ ಕೊನೆಗೆ ಹಾಕುತ್ತೇವೆ. ನೆಗೆಟಿವ್ ಮೊದಲೇ ಬಾಡಿಗೆ ಸೇರಿರುತ್ತದೆ, ಪಾನಾ ಬಾಡಿಗೆ ತಾಗಿದರೂ ಏನೂ ಆಗಲ್ಲ. ಅದು ಬಿಚ್ಚಿದ ಮೇಲೆ ಪಾಸಿಟಿವ್ ಕಡೆಗೂ ಭಯ ಇಲ್ಲ. ನಿಮ್ಮ ಚಿತ್ರದಲ್ಲಿ ಪಾನಾ ಯಾವ ಟರ್ಮಿನಲ್ ಮೇಲಿತ್ತು?

ಧಾರವಾಡದ ಪ್ರೂಫ್ ರೀಡರ್

ಈಗ ತೆಗೆದು ನೋಡಿದೆ. ಕೆಂಪು ಮುಚ್ಚಳ ತೆಗೆದಿದೆ, ಪಾನಾ ಪ್ಲಸ್ ಮೇಲಿದೆ. ಅಲ್ಲೂ ಒಂದು ಕೆಂಪು ಸುತ್ತು ಇದೆ, ಅದು ಕೈಗೆ ಹಾಕಿದ್ದು ಅಂದುಕೊಂಡಿದ್ದೆ.

ನವನಗರ ಆಟೋ ಎಲೆಕ್ಟ್ರಿಷಿಯನ್

ನೋಡಿ ಮತ್ತೆ. ಎದೆ ಜೇಬಿನ ಸ್ಕ್ರೂಡ್ರೈವರ್ ಕೂಡ ಇದೇ ಲೆಕ್ಕ. ಬಾನೆಟ್ ಒಳಗೆ ಬಗ್ಗಿದರೆ ಅದು ಜಾರಿ ಎರಡು ಟರ್ಮಿನಲ್ ನಡುವೆ ಬೀಳುತ್ತದೆ. ಬ್ಯಾಟರಿ ಆಗಷ್ಟೇ ಚಾರ್ಜ್ ಆಗಿದ್ದರೆ ಹೈಡ್ರೋಜನ್ ಗ್ಯಾಸ್ ಇರುತ್ತದೆ, ಒಂದು ಕಿಡಿ ಸಾಕು ಸಿಡಿಯಲು. ಆಸಿಡ್ ಮುಖಕ್ಕೆ ಬರುತ್ತದೆ. ಹಾಗಾಗಿ ಕನ್ನಡಕ ಬೇಕು, ಬರೀ ಮುಂದೆ ಗಾಜಿರುವುದಲ್ಲ, ಪಕ್ಕದಿಂದಲೂ ಕಣ್ಣು ಮುಚ್ಚುವಂಥದ್ದು. ಗ್ಲೌಸ್ ಆಸಿಡ್ ತಡೆಯುವ ರಬ್ಬರಿನದು, ಬಟ್ಟೆಯದು ಬೇಡ, ಬಟ್ಟೆ ಆಸಿಡ್ ಹೀರಿಕೊಂಡು ಚರ್ಮಕ್ಕೆ ಹಿಡಿದಿಡುತ್ತದೆ.

ಯೂನಿಫಾರ್ಮ್ ಟೇಲರ್ ಹುಬ್ಬಳ್ಳಿ

ಆಸಿಡ್ ವಿಷಯ ಬಂತಲ್ಲ, ಒಂದು ಮಾತು. ಬ್ಯಾಟರಿ ಅಂಗಡಿ ಹುಡುಗರು ನನ್ನ ಹತ್ತಿರ ಹೊಲಿಸುತ್ತಾರೆ. ಪೂರ್ತಿ ಕಾಟನ್ ಹೊಲಿದರೆ ಮೊದಲ ಒಗೆತಕ್ಕೆ ಹೊಟ್ಟೆಯ ಹತ್ತಿರ ಸಣ್ಣ ಸಣ್ಣ ತೂತು ಬೀಳುತ್ತವೆ. ಆಸಿಡ್ ಬಿದ್ದಾಗ ಕಾಣಲ್ಲ, ಒಗೆದ ಮೇಲೆ ಕಾಣುತ್ತದೆ. ಬಟ್ಟೆ ಕೆಟ್ಟದ್ದು ಕೊಟ್ಟಿರಿ ಅಂತ ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಪಾಲಿಯೆಸ್ಟರ್ ಜಾಸ್ತಿ ಇರುವ ಬಟ್ಟೆ ಆಸಿಡ್‌ಗೆ ತಡೆಯುತ್ತದೆ, ಆದರೆ ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವನಿಗೆ ಅದನ್ನು ಕೊಡಬಾರದು, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಅವನಿಗೆ ದಪ್ಪ ಕಾಟನ್ ಡ್ರಿಲ್ಲೇ ಆಗಬೇಕು. ಇದು ಚಿತ್ರದಲ್ಲಿ ಕಾಣಲ್ಲ, ಬರವಣಿಗೆಯಲ್ಲಿ ಬರಬೇಕು.

ಚಿತ್ರದಲ್ಲಿ ಕಾಣುವುದು ಗುಂಡಿ. ಎದೆಯ ಮೇಲೆ ಗುಂಡಿ ಸಾಲಾಗಿ ಹೊಳೆಯುವ ಹಾಗೆ ಬಿಡಿಸಬೇಡಿ. ಬಾಯ್ಲರ್ ಸೂಟಿಗೆ ಗುಂಡಿ, ಜಿಪ್ ಎರಡರ ಮೇಲೂ ಒಂದು ಪಟ್ಟಿ ಬರುತ್ತದೆ, ಅದು ಪೂರ್ತಿ ಮುಚ್ಚುತ್ತದೆ. ಇಲ್ಲದಿದ್ದರೆ ಗಾಡಿ ಮೇಲೆ ಬಗ್ಗಿದಾಗ ಪೇಂಟ್ ಗೀಚುತ್ತದೆ. ಬೆಲ್ಟಿನ ಬಕ್ಕಲ್ ಕೂಡ ಹಾಗೆಯೇ, ಹೊರಗೆ ಕಾಣಬಾರದು.

ಐಟಿಐ ಹುಡುಗಿ ರಾಣೆಬೆನ್ನೂರು

ನಮ್ಮ ಬ್ಯಾಚಿನಲ್ಲಿ ನಾವು ಮೂವರು ಹುಡುಗಿಯರಿದ್ದೇವೆ. ಪುಸ್ತಕದಲ್ಲಿ ಒಂದಾದರೂ ಚಿತ್ರ ಹುಡುಗಿಯದು ಇರಲಿ ಸರ್. ಆದರೆ ಜಡೆಯನ್ನು ಕಾಲರ್ ಒಳಗೆ ಹಾಕಿದ ಹಾಗೆ ಬಿಡಿಸಬೇಡಿ. ನಾನು ಮೊದಲು ಹಾಗೇ ಮಾಡುತ್ತಿದ್ದೆ. ಬಗ್ಗಿ ಎದ್ದಾಗ ಜಡೆ ನಿಧಾನಕ್ಕೆ ಹೊರಗೆ ಬರುತ್ತದೆ. ಒಂದು ಸಲ ಎಂಜಿನ್ ಆನ್ ಇದ್ದಾಗ ಫ್ಯಾನ್ ಬೆಲ್ಟ್ ಹತ್ತಿರ ಬಗ್ಗಿದ್ದೆ, ಸರ್ ಹಿಂದಿನಿಂದ ಎಳೆದು ನಿಲ್ಲಿಸಿದರು. ಈಗ ತುರುಬು ಕಟ್ಟಿ ಅದರ ಮೇಲೆ ಟೋಪಿ ಹಾಕುತ್ತೇನೆ. ಬಳೆ ಇಲ್ಲ, ಕಿವಿಯಲ್ಲಿ ಜೋತಾಡುವುದಿಲ್ಲ. ಹುಡುಗರ ಮಣಿಕಟ್ಟಿನಲ್ಲಿ ದೇವರ ದಾರ ಇರುತ್ತಲ್ಲ, ಅದನ್ನೂ ಸೇರಿಸಿ. ನಮಗೆ ಬಳೆ ತೆಗೆ ಅನ್ನುವವರು ಅವರಿಗೆ ದಾರ ತೆಗೆ ಅನ್ನಲ್ಲ.

ಹಾವೇರಿ ಟೂ ವೀಲರ್

ದಾರ ತೆಗೆಯೋದು ಕಷ್ಟ ತಂಗೀ. ಗುಡಿಯಲ್ಲಿ ಕಟ್ಟಿಸಿಕೊಂಡಿದ್ದು.

ಗೋಕುಲ ರೋಡ್ ಹಳೆ ಫೋರ್‌ಮನ್

ತೋಳಿನ ಗುಂಡಿ ಹಾಕಿದರೆ ದಾರ ಒಳಗೆ ಹೋಗುತ್ತದೆ, ಅಷ್ಟಾದರೂ ಆಗಲಿ. ತೋಳು ಮಡಚುವುದಾದರೆ ಮೊಣಕೈ ಮೇಲಕ್ಕೆ, ಅದೂ ಒಳಗಡೆಗೆ ಮಡಚಬೇಕು. ಹೊರಗೆ ಮಡಚಿದರೆ ಆ ಅಂಚು ಸಿಕ್ಕಿಕೊಳ್ಳುತ್ತದೆ. ಆಗ ದಾರ ಬಿಚ್ಚಿ ಜೇಬಿನಲ್ಲಿ ಇಟ್ಟುಕೊಳ್ಳಲಿ.

ಈಗ ನಿಮ್ಮ ನಾಲ್ಕನೇ ಚಿತ್ರ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಕಾರಿನ ಎಡ ಮುಂಭಾಗದ ಪಕ್ಕ ನಿಂತ ಯುವಕ, ತೆರೆದ ಬಾನೆಟ್ ಒಳಗೆ ಸ್ವಲ್ಪ ಬಗ್ಗಿದ್ದಾನೆ. ನಾವು ಅವನ ಎದುರಿನ ಮೂಲೆಯಿಂದ ನೋಡುತ್ತಿದ್ದೇವೆ, ಮುಖ, ಎರಡೂ ಕೈ, ಬ್ಯಾಟರಿ ಸ್ಪಷ್ಟವಾಗಿ ಕಾಣಬೇಕು. ಮೈ ಮೇಲೆ ಕಾಲರಿನಿಂದ ಕಾಲಿನ ತನಕ ಒಂದೇ ತುಂಡಿನ ಉಡುಪು, ಉದ್ದ ತೋಳು, ಮಣಿಕಟ್ಟಿನಲ್ಲಿ ಗುಂಡಿ ಹಾಕಿದೆ. ಮುಂದಿನ ಗುಂಡಿಗಳು ಪಟ್ಟಿಯ ಒಳಗಿವೆ, ಕಾಣುವುದಿಲ್ಲ. ಎದೆಯ ಜೇಬು ಖಾಲಿ, ಮುಚ್ಚಿದೆ. ಪಕ್ಕವೂ ಮುಚ್ಚಿರುವ ಕನ್ನಡಕ ಕಣ್ಣಿನ ಮೇಲಿದೆ, ಹಣೆಯ ಮೇಲಲ್ಲ. ರಬ್ಬರ್ ಗ್ಲೌಸ್ ಮಣಿಕಟ್ಟು ದಾಟಿದೆ. ಅವನ ಬಲಗೈಯ ಪಾನಾ ಮೈನಸ್ ಟರ್ಮಿನಲ್ ಮೇಲಿದೆ. ಪ್ಲಸ್ ಟರ್ಮಿನಲ್ ಮೇಲೆ ಕೆಂಪು ಮುಚ್ಚಳ ಹಾಗೇ ಇದೆ. ವಾಚು, ಉಂಗುರ, ಸರ, ಜೋತಾಡುವ ಬಟ್ಟೆ ಯಾವುದೂ ಇಲ್ಲ."

'ಹಣೆಯ ಮೇಲಲ್ಲ' ಅಂತ ಬೇಕೆಂದೇ ಬರೆದಿದ್ದೇನೆ. ಮುಖ ಚೆನ್ನಾಗಿ ಕಾಣಲಿ ಅಂತ ಕನ್ನಡಕವನ್ನು ಮೇಲಕ್ಕೆ ಏರಿಸಿಬಿಡುತ್ತಾರೆ. 'ಅವನ ಬಲಗೈ' ಅಂತ ಬರೆದಿದ್ದೂ ಬೇಕೆಂದೇ. ಬರೀ 'ಬಲಕ್ಕೆ' ಅಂದರೆ ನೋಡುವವರ ಬಲವೋ ಅವನ ಬಲವೋ ತಿಳಿಯಲ್ಲ.

ಹುಬ್ಬಳ್ಳಿ ಡಿಟಿಪಿ

ಬಲ ಎಡ ಅಂದಿದ್ದಕ್ಕೆ ನನ್ನದೊಂದು ಸೇರಿಸಿಕೊಳ್ಳಿ. ಪುಟ ಜೋಡಿಸುವವರಿಗೂ ಒಂದು ಸಾಲು ಬರೆಯಿರಿ: ಚಿತ್ರ ತಿರುಗಿಸಬೇಡಿ. ಮುಖ ಪುಟದ ಒಳಗೆ ನೋಡಲಿ ಅಂತ ನಾವು ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸುತ್ತೇವೆ. ಒಮ್ಮೆ ಹಾಗೆ ಮಾಡಿ ಸ್ಟೇರಿಂಗ್ ಎಡಕ್ಕೆ ಹೋಗಿತ್ತು, ಅಚ್ಚಾದ ಮೇಲೆ ಗೊತ್ತಾಯಿತು. ಪ್ಲಸ್, ಮೈನಸ್ ಗುರುತು ತಿರುಗಿಸಿದರೂ ಹಾಗೇ ಕಾಣುತ್ತವೆ, ಹಾಗಾಗಿ ಪ್ರೂಫ್ ನೋಡುವವರ ಕಣ್ಣಿಗೂ ಬೀಳಲ್ಲ.

ಇನ್ನೊಂದು, ಪುಸ್ತಕ ಬಣ್ಣದ್ದೋ ಕಪ್ಪು ಬಿಳುಪೋ? ಹುಡುಗರು ಕೊನೆಗೆ ಝೆರಾಕ್ಸ್ ಮಾಡಿಸಿಯೇ ಓದುತ್ತಾರೆ. ಕಡು ನೀಲಿ ಉಡುಪು ಝೆರಾಕ್ಸ್‌ನಲ್ಲಿ ಒಂದೇ ಕಪ್ಪು ಮುದ್ದೆ ಆಗುತ್ತದೆ. ತೋಳಿನ ಗುಂಡಿ, ಮುಚ್ಚಿದ ಜೇಬು, ಪ್ಯಾಂಟಿನ ಅಂಚು ಎಲ್ಲ ಅದರಲ್ಲಿ ಮುಳುಗಿ ಹೋಗುತ್ತವೆ. ತಿಳಿ ಬಣ್ಣ ತುಂಬಿ, ಗೆರೆ ದಪ್ಪ ಮಾಡಲು ಹೇಳಿ. ಒಂದು ಪ್ರತಿ ಝೆರಾಕ್ಸ್ ತೆಗೆದು ನೋಡಿ ಒಪ್ಪಿಗೆ ಕೊಡಿ.

ಹಾವೇರಿ ಟೂ ವೀಲರ್

ಎಲ್ಲ ಸರಿ. ಆದರೆ ಏಪ್ರಿಲ್‌ನಲ್ಲಿ ತಗಡಿನ ಶೆಡ್ ಕೆಳಗೆ ಉದ್ದ ತೋಳಿನ ಡಾಂಗ್ರಿ ಹಾಕಿ ಯಾರು ಕೆಲಸ ಮಾಡ್ತಾರೆ? ಪುಸ್ತಕದಲ್ಲಿ ಒಂದು, ಶೆಡ್‌ನಲ್ಲಿ ಇನ್ನೊಂದು ಆದರೆ ಹುಡುಗ ಪುಸ್ತಕ ನಂಬಲ್ಲ. ನನ್ನ ಹತ್ತಿರ ಕಲಿಯೋ ಹುಡುಗರಿಗೆ ಸೇಫ್ಟಿ ಶೂ ಕೊಡಿಸೋ ಶಕ್ತಿ ನನಗಿಲ್ಲ, ನೇರವಾಗಿ ಹೇಳ್ತೀನಿ.

ಗೋಕುಲ ರೋಡ್ ಹಳೆ ಫೋರ್‌ಮನ್

ನಿಮ್ಮ ಮಾತು ತಳ್ಳಿಹಾಕಲ್ಲ. ಬಿಸಿಲಿಗೆ ತೋಳು ಮೊಣಕೈ ಮೇಲೆ ಮಡಚುವುದು ಎಷ್ಟೋ ಕೆಲಸಕ್ಕೆ ನಡೆಯುತ್ತದೆ. ಟೈರ್ ಬಿಚ್ಚುವ ಚಿತ್ರದಲ್ಲಿ ಹಾಗೆ ತೋರಿಸಿದರೆ ನನ್ನ ತಕರಾರಿಲ್ಲ. ಬ್ಯಾಟರಿಗೆ, ಬಿಸಿ ಸೈಲೆನ್ಸರ್‌ಗೆ ಬೇಡ. ಶೂ ಮಾತ್ರ ಬಿಡಲ್ಲ. ಬೆರಳ ಮೇಲೆ ಉಕ್ಕಿನ ಟೋಪಿ ಇರುವ, 15298 ಅನ್ನುವ ಐಎಸ್ ನಂಬರ್ ಹೊಡೆದ ಶೂ ಕೊಡಿಸಲು ಆಗದಿದ್ದರೆ ಮುಂದೆ ಮುಚ್ಚಿದ ಗಟ್ಟಿ ಚರ್ಮದ ಶೂ ಆದರೂ ಇರಲಿ. ಗೇರ್ ಬಾಕ್ಸ್ ಕಾಲ ಮೇಲೆ ಬಿದ್ದರೆ ಅದು ಸಾಲದು, ಅದೂ ನಿಜ.

ಹಾವೇರಿ ಟೂ ವೀಲರ್

ನನ್ನ ಕೆಲಸದಲ್ಲಿ ಗೇರ್ ಬಾಕ್ಸ್ ಅಷ್ಟು ದೊಡ್ಡದಿರಲ್ಲ ಸರ್. ಆದರೂ ಬರೋ ವಾರ ಹುಡುಗರಿಗೆ ಶೂ ನೋಡ್ತೀನಿ.

ಎಲೆಕ್ಟ್ರಿಕ್ ಸ್ಕೂಟರ್ ಧಾರವಾಡ

ಎಲೆಕ್ಟ್ರಿಕ್ ಕಾರಿನ ಚಿತ್ರ ಇದೆಯಾ? ಅದಕ್ಕೆ ಮೇಲಿನ ಬ್ಯಾಟರಿ ಚಿತ್ರವನ್ನೇ ಹಾಕಬೇಡಿ. ಅಲ್ಲಿ ನೂರಾರು ವೋಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ ಕೇಬಲ್. ಗ್ಲೌಸ್ ಬೇರೆಯೇ. ಒಳಗೆ ವೋಲ್ಟೇಜ್ ತಡೆಯುವ ರಬ್ಬರ್ ಗ್ಲೌಸ್, ಅದರ ಮೇಲೆ ಗಿಡ್ಡ ಚರ್ಮದ ಗ್ಲೌಸ್. ರಬ್ಬರ್ ಅಂಚು ಚರ್ಮದ ಅಂಚಿಗಿಂತ ಹಿಂದಕ್ಕೆ ಉದ್ದ ಕಾಣಬೇಕು. ಕೆಲಸಕ್ಕೆ ಮೊದಲು ರಬ್ಬರ್ ಗ್ಲೌಸಿನ ಬಾಯಿ ಸುರುಳಿ ಸುತ್ತಿ, ಒಳಗೆ ಗಾಳಿ ಹಿಡಿದು, ಎಲ್ಲಾದರೂ ಸೋರುತ್ತದೆಯಾ ಅಂತ ನೋಡುತ್ತೇವೆ. ಅದೇ ಒಂದು ಒಳ್ಳೆ ಚಿತ್ರ ಆಗುತ್ತದೆ.

ಧಾರವಾಡದ ಪ್ರೂಫ್ ರೀಡರ್

ಎಲೆಕ್ಟ್ರಿಕ್ ಕಾರಿನದು ಒಂದು ಚಿತ್ರ ಇದೆ, ಹದಿನೇಳನೆಯದು. ಅದಕ್ಕೆ ನಾನು ಬರೆದಿಟ್ಟಿದ್ದು 'ಮೇಲಿನಂತೆಯೇ' ಅಂತ. ಈಗಲೇ ತೆಗೆದೆ.

ಫೋರ್‌ಮನ್ ಸರ್ ಬರೆದುಕೊಟ್ಟದ್ದನ್ನು ನಿನ್ನೆ ಹಾಗೇ ಕಳಿಸಿದ್ದೆ, ಹೊಸ ಸ್ಕೆಚ್ ಬಂದಿದೆ. ಉಡುಪು ಸರಿ ಇದೆ, ಕನ್ನಡಕ ಕಣ್ಣಿನ ಮೇಲಿದೆ, ಪಾನಾ ಮೈನಸ್ ಮೇಲಿದೆ. ಝೆರಾಕ್ಸ್ ತೆಗೆದು ನೋಡಿದೆ, ಪ್ಯಾಂಟಿನ ಅಂಚು ಕಾಣುತ್ತದೆ. ಒಂದೇ ಅನುಮಾನ. ಗ್ಲೌಸಿನ ಬಾಯಿ ತೋಳಿನ ಮೇಲೆ ಬಂದಿದೆ. ತೋಳು ಗ್ಲೌಸ್ ಒಳಗಿರಬೇಕೋ, ಗ್ಲೌಸ್ ತೋಳಿನ ಒಳಗಿರಬೇಕೋ?

ನವನಗರ ಆಟೋ ಎಲೆಕ್ಟ್ರಿಷಿಯನ್

ಕೈ ಕೆಳಗೆ ಮಾಡಿ ಕೆಲಸ ಮಾಡುತ್ತಿದ್ದರೆ ತೋಳು ಗ್ಲೌಸಿನ ಮೇಲೆ ಬರಬೇಕು. ತೋಳಿನ ಮೇಲೆ ಬಿದ್ದ ಆಸಿಡ್ ಕೆಳಗಿಳಿದು ಗ್ಲೌಸ್ ಒಳಗೆ ಹೋಗದೆ ಹೊರಗೇ ಜಾರುತ್ತದೆ. ಬ್ಯಾಟರಿಗೆ ಬಗ್ಗಿದಾಗ ಕೈ ಕೆಳಗೇ ಇರುತ್ತದೆ.

ಗದಗ ಸಿಸ್ಟರ್

ನಮ್ಮಲ್ಲಿ ಗ್ಲೌಸ್ ಗೌನಿನ ತೋಳಿನ ಮೇಲೆ ಬರುತ್ತದೆ, ಮಣಿಕಟ್ಟು ಪೂರ್ತಿ ಮುಚ್ಚಿರಬೇಕು.

ಗೋಕುಲ ರೋಡ್ ಹಳೆ ಫೋರ್‌ಮನ್

ಸಿಸ್ಟರ್ ಹೇಳಿದ್ದು ಅವರ ಕೆಲಸಕ್ಕೆ ಸರಿ. ಬ್ಯಾಟರಿಗೆ ಎಲೆಕ್ಟ್ರಿಷಿಯನ್ ಹೇಳಿದ ಹಾಗೆ ಮಾಡಿಸಿ, ತೋಳಿನ ಗುಂಡಿ ಗ್ಲೌಸಿನ ಮೇಲೆ ಹಾಕಿದ ಹಾಗೆ. ಆ ಸಾಲು ನನ್ನದರಲ್ಲಿ ಬಿಟ್ಟುಹೋಗಿತ್ತು, ಸೇರಿಸಿಕೊಳ್ಳಿ. ಸ್ಕೆಚ್ ಇಲ್ಲಿ ಹಾಕಿ, ಇನ್‌ಸ್ಟ್ರಕ್ಟರ್ ನೋಡುವ ಮೊದಲು ನಾನೊಮ್ಮೆ ನೋಡುತ್ತೇನೆ. ಶೂ ಲೇಸ್ ಎಲ್ಲಿ ಕಟ್ಟಿದ್ದಾರೆ ಅಂತ ನೋಡಬೇಕು.